ಅಮ್ಮ, ಅಪ್ಪಯ್ಯ, ಪುರುಸೊತ್ತಲ್ಲಿ ಓದಿ

ಅಮ್ಮಾ, ಅಪ್ಪಯ್ಯಾ,

ಮೆಸೇಜ್ ಇಷ್ಟುದ್ದ ಇದೆ ಅಂತ ಗಾಬರಿ ಬೇಡ. ಜೀವಕ್ಕೆ ಅಪಾಯ ಇಲ್ಲ, ಕೆಲಸವೂ ಹೋಗಿಲ್ಲ. ಫೋನಲ್ಲಿ ಹೇಳಲು ಹೊರಟರೆ ಅಮ್ಮನ ಸ್ವರ ಸಣ್ಣ ಆಗುತ್ತದೆ, ನಾನು "ಎಂತ ಇಲ್ಲಮ್ಮ" ಅಂತ ಮಾತು ಹಾರಿಸುತ್ತೇನೆ. ಅದಕ್ಕೇ ಬರೆದೆ.

ನನಗೆ ಆಂಗ್ಸೈಟಿ ಡಿಸಾರ್ಡರ್, ಅಂದರೆ ಮಿತಿ ಮೀರಿದ ಆತಂಕದ ಕಾಯಿಲೆ ಇದೆ ಅಂತ ಇಲ್ಲಿ ಡಬ್ಲಿನ್‌ನ ಡಾಕ್ಟರು ಹೇಳಿದ್ದಾರೆ. ಕಳೆದ ಮಳೆಗಾಲದಿಂದಲೇ ಇತ್ತು. ನಡುರಾತ್ರಿ ಎಚ್ಚರ ಆಗುವುದು, ಎದೆ ಡವಡವ, ಅಂಗೈ ತಣ್ಣಗೆ ಬೆವರುವುದು. ಆಡಿಟ್ ಫೈಲ್ ಕಳಿಸಿದ ಮೇಲೂ ಅದೇ ಮೇಲ್ ತೆಗೆದು ತೆಗೆದು ನೋಡುವುದು. ಒಂದು ರಾತ್ರಿ ಎದೆ ಹಿಡಿದುಕೊಂಡು ಹಾರ್ಟ್ ಅಟ್ಯಾಕೇ ಅಂದುಕೊಂಡೆ. ರೂಮ್‌ಮೇಟ್ ಆಸ್ಪತ್ರೆಗೆ ಕರೆದುಕೊಂಡು ಹೋದ. ಇಸಿಜಿ, ರಕ್ತ, ಥೈರಾಯ್ಡ್ ಎಲ್ಲ ನಾರ್ಮಲ್. ಆಮೇಲೆ ಡಾಕ್ಟರು ಹಿಂದಿನ 2 ವಾರ ಹೇಗಿತ್ತು ಅಂತ 7 ಪ್ರಶ್ನೆಯ ಒಂದು ಫಾರ್ಮ್ ತುಂಬಿಸಿದರು, ತುಂಬ ಹೊತ್ತು ಮಾತಾಡಿಸಿದರು. ಚಿಂತೆ ಎಲ್ಲರಿಗೂ ಇರುತ್ತದೆ. ಅದು 6 ತಿಂಗಳಾದರೂ ಬಿಡದೆ, ನಿದ್ದೆ, ಕೆಲಸ ಎರಡನ್ನೂ ಕೆಡಿಸಿದರೆ ಆಗ ಕಾಯಿಲೆ ಅಂತ ನೋಡುತ್ತಾರಂತೆ.

ಮನೆಯಲ್ಲಿ ಯಾರಿಗಾದರೂ ಹೀಗೆ ಇತ್ತಾ ಅಂತಲೂ ಕೇಳಿದರು. ನನಗೆ ಅಜ್ಜಿ ನೆನಪಾದಳು. ಅಪ್ಪಯ್ಯ ಉಡುಪಿಯಿಂದ ಬರುವುದು ಸ್ವಲ್ಪ ತಡವಾದರೆ ಸಾಕು, ಅಜ್ಜಿ ಊಟ ಬಿಟ್ಟು ತಡಮೆ ಹತ್ತಿರ ನಿಲ್ಲುತ್ತಿದ್ದಳಲ್ವಾ? ನಾವೆಲ್ಲ ನಗುತ್ತಿದ್ದೆವು. ಪಾಪ, ಅವಳಿಗೂ ಇದೇ ಇತ್ತೋ ಏನೋ. ಇದು ಸ್ವಲ್ಪ ಮಟ್ಟಿಗೆ ಮನೆತನದಲ್ಲಿ ಬರಬಹುದಂತೆ. ಅದಕ್ಕೆ "ನಾವು ಸಾಕಿದ್ದೇ ಸರಿ ಇಲ್ಲವಾ" ಅಂತ ಅಮ್ಮ ಕೂತು ಕೊರಗಬಾರದು.

ದಿನಾ ಬೆಳಿಗ್ಗೆ ಒಂದು ಮಾತ್ರೆ ಇದೆ. ಅದು ನಿದ್ದೆ ಮಾತ್ರೆ ಅಲ್ಲ, ಚಟ ಆಗುವಂಥದ್ದೂ ಅಲ್ಲ. ಗುಣ ಗೊತ್ತಾಗಲು ಕೆಲವು ವಾರ ಬೇಕು. ಶುರುವಿಗೆ ಹೊಟ್ಟೆ ತೊಳಸುತ್ತಿತ್ತು, ಈಗ ಇಲ್ಲ. ಆರಾಮಾದ ಮೇಲೂ ಕಡಿಮೆ ಅಂದರೆ 6 ತಿಂಗಳು ತೆಗೆದುಕೊಳ್ಳಬೇಕು. ನಾನಾಗಿ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಮುಂದಿನ ತಿಂಗಳು "ಇನ್ನೂ ಮಾತ್ರೆಯಾ?" ಅಂತ ಕೇಳಬೇಡಿ.

ವಾರಕ್ಕೊಮ್ಮೆ ಥೆರಪಿಗೂ ಹೋಗುತ್ತೇನೆ. ಅಲ್ಲಿ ಹೋಮ್‌ವರ್ಕ್ ಇದೆ, ನಗಬೇಡಿ! ಏನು ಹೆದರಿದೆ, ನಿಜವಾಗಿ ಏನಾಯಿತು ಅಂತ ಪುಸ್ತಕದಲ್ಲಿ ಬರೆಯಬೇಕು. ಒಂದು ಪುಟ ಹೀಗಿದೆ: "ಅಪ್ಪಯ್ಯ ಫೋನ್ ಎತ್ತಲಿಲ್ಲ. ಹೈವೇಯಲ್ಲಿ ಬೈಕ್ ಸ್ಕಿಡ್ ಆಗಿದೆ." ಪಕ್ಕದಲ್ಲಿ: "ಆಟಕ್ಕೆ ಹೋಗಿದ್ದರು. ಚೆಂಡೆ ಸದ್ದಿಗೆ ರಿಂಗ್ ಕೇಳಿಲ್ಲ."

ನಿಮ್ಮಿಂದ ಬೇಕಾದ ದೊಡ್ಡ ಸಹಾಯ ಇಲ್ಲೇ ಇರುವುದು. "ಮನೆ ಮುಟ್ಟಿದ್ರಾ?", "ಬಿಪಿ ನೋಡಿಸಿದ್ರಾ?" ಅಂತ ನಾನು ಕೇಳಿದ್ದನ್ನೇ ಕೇಳುತ್ತೇನಲ್ಲ, ಒಂದು ಸಲ ಉತ್ತರ ಕೊಡಿ, ಸಾಕು. ಮತ್ತೆ ಕೇಳಿದರೆ ಬೈಯಬೇಡಿ, ಸಮಾಧಾನವನ್ನೂ ಹೇಳಬೇಡಿ. "ಆಗಲೇ ಹೇಳಿದ್ದೇನಲ್ಲ" ಅಂದು ಬೇರೆ ವಿಷಯ ತೆಗೆಯಿರಿ. ಪ್ರತಿ ಸಲ ಸಮಾಧಾನ ಸಿಕ್ಕಿದರೆ ಅರ್ಧ ಗಂಟೆ ಹಗುರ ಆಗುತ್ತದೆ, ಆಮೇಲೆ ಭಯ ಇನ್ನೂ ಜಾಸ್ತಿ ಆಗುತ್ತದೆ. ಕಲ್ಲು ಮನಸ್ಸು ಅನ್ನಿಸಬಹುದು, ಆದರೂ ಹಾಗೇ ಮಾಡಿ. ನೀವೂ ದಿನಾ "ಈಗ ಹೇಗಿದ್ದಿ?" ಅಂತ ವಿಚಾರಿಸಬೇಡಿ. ಕೆಲವು ದಿನ ಚೆನ್ನಾಗಿರುತ್ತದೆ, ಕೆಲವು ದಿನ ಇರುವುದಿಲ್ಲ. ಮಧ್ಯೆ ಒಂದು ವಾರ ಕೆಟ್ಟರೆ ಎಲ್ಲ ಹಾಳಾಯಿತು ಅಂತಲ್ಲ.

ಅಮ್ಮ, ಆನೆಗುಡ್ಡೆಗೆ ಹರಕೆ ಹೇಳಿಕೊಳ್ಳುವುದಾದರೆ ಹೇಳಿಕೋ, ನನ್ನದೇನೂ ಅಡ್ಡಿ ಇಲ್ಲ. ಜಾತಕ ಹಿಡಿದುಕೊಂಡು ಜೋಯಿಸರ ಹತ್ತಿರ ಓಡುವುದು ಮಾತ್ರ ಬೇಡ. "ಮದುವೆ ಆದರೆ ಸರಿ ಹೋಗುತ್ತದೆ" ಅಂತ ಅತ್ತೆ ಹೇಳಿಯೇ ಹೇಳುತ್ತಾರೆ, ಹಾಗಾಗಿ ಸದ್ಯಕ್ಕೆ ಅವರಿಗೆ ತಿಳಿಸುವುದೇ ಬೇಡ. ಹೆಣ್ಣು ನೋಡುವ ಮಾತೂ ಸ್ವಲ್ಪ ನಿಲ್ಲಲಿ. ಅಪ್ಪಯ್ಯ, "ಗಂಡು ಹುಡುಗ, ಧೈರ್ಯ ಮಾಡು" ಅನ್ನಬೇಡಿ. ಧೈರ್ಯ ಇರುವುದಕ್ಕೇ ಡಾಕ್ಟರ ಹತ್ತಿರ ಹೋದದ್ದು. ಕೆಲಸ ಬಿಟ್ಟು ಬಾ ಅಂತಲೂ ಹೇಳಬೇಡಿ. ಡಾಕ್ಟರೂ ಹಾಗೆ ಹೇಳಿಲ್ಲ, ನನಗೂ ಮನಸ್ಸಿಲ್ಲ.

ನಿಮಗೇ ಚಿಂತೆ ಜಾಸ್ತಿ ಆದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರೂ ಕೇಳಬಹುದು.

ಭಾನುವಾರ ನಿಮ್ಮ ಮೂರೂವರೆಗೆ, ಅಂದರೆ ನನ್ನ ಬೆಳಿಗ್ಗೆ 11ಕ್ಕೆ ವಿಡಿಯೋ ಕಾಲ್ ಮಾಡುತ್ತೇನೆ. ಅಷ್ಟರೊಳಗೆ ಕೇಳುವುದಿದ್ದರೆ ಅಪ್ಪಯ್ಯ ವಾಯ್ಸ್ ಮೆಸೇಜ್ ಹಾಕಲಿ. ಉತ್ತರ ತಡವಾದರೆ ಮೀಟಿಂಗಲ್ಲಿದ್ದೇನೆ ಅಂತ ತಿಳಿದುಕೊಳ್ಳಿ.

ನಿಮ್ಮ ಮಾಣಿ