ಶಿವಣ್ಣನವರ ತಿಥಿಗೆ ಬರಲಾಗದೆ ಬರೆದ ಪತ್ರ

ಕುವೆಂಪುನಗರ, ಮೈಸೂರು
17 ಆಗಸ್ಟ್ 2024

ಜಯಮ್ಮನವರಿಗೆ ನಮಸ್ಕಾರಗಳು.

ನಾನು ಲಲಿತಾ. ಮಂಡ್ಯದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ಸುಮಳ ಮದುವೆಯಲ್ಲಿ ಶಿವಣ್ಣನವರು "ಇವರೇ ನಮ್ಮ ರೈಲಿನ ಮೇಡಂ" ಅಂತ ನನ್ನನ್ನು ನಿಮ್ಮ ಹತ್ತಿರ ಕರೆದುಕೊಂಡು ಬಂದಿದ್ದರು. ಧಾರೆಯ ಹೊತ್ತಿನ ಆ ಗಡಿಬಿಡಿಯಲ್ಲಿ ನಿಮಗೆ ನನ್ನ ಮುಖ ನೆನಪಿರಲಿಕ್ಕಿಲ್ಲ. ನೀವು ಅಷ್ಟು ಕೆಲಸದ ನಡುವೆಯೂ ಕೈ ಹಿಡಿದು ಊಟಕ್ಕೆ ಕೂರಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಭಾನುವಾರ ಬೆಳಿಗ್ಗೆ ನಮ್ಮ ರೈಲು ಬಳಗದ ವಾಟ್ಸಾಪ್ ಗುಂಪಿನಲ್ಲಿ ನಾಗರಾಜು ಸುದ್ದಿ ಹಾಕಿದ್ದರು. ಓದಿ ನಂಬಲಾಗದೆ ಅವರಿಗೇ ಫೋನ್ ಮಾಡಿದೆ. ನಸುಕಿನಲ್ಲಿ ಎದೆನೋವು ಅಂದರಂತೆ, ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿಯಿತಂತೆ. ಅದಕ್ಕಿಂತ ಹೆಚ್ಚು ಕೇಳಲು ನನ್ನಿಂದಾಗಲಿಲ್ಲ. ನಿಮ್ಮ ಕಣ್ಣೆದುರೇ ನಡೆದದ್ದು, ನಿಮಗೆ ಹೇಗಾಗಿರಬೇಕು ಎಂಬುದನ್ನು ಊಹಿಸಿಕೊಂಡು ಬರೆಯುವ ಧೈರ್ಯ ನನಗಿಲ್ಲ. ನಿಮಗೂ ರಘು, ಸುಮರಿಗೂ ಈ ದುಃಖವನ್ನು ತಡೆದುಕೊಳ್ಳುವ ಶಕ್ತಿಯನ್ನು ಆ ರಂಗನಾಥಸ್ವಾಮಿ ಕೊಡಲಿ ಎಂದು ಬೇಡಿಕೊಳ್ಳುತ್ತೇನೆ. ಶಿವಣ್ಣನವರ ಆತ್ಮಕ್ಕೆ ಶಾಂತಿ ಸಿಗಲಿ.

ಅವತ್ತು ಸಂಜೆ ತೋಟದಲ್ಲಿ ಮಣ್ಣು ಮಾಡುತ್ತಾರೆ ಎಂದು ಗೊತ್ತಿದ್ದೂ ನಾನು ಬರಲಾಗಲಿಲ್ಲ. ಈ ತಿಂಗಳ ಮೊದಲ ವಾರ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಆಗಿದೆ. ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರುವುದಷ್ಟೇ ಈಗ ಆಗುತ್ತಿರುವುದು. ಕಾರಿನಲ್ಲಿ ಕಾಲು ಮಡಿಸಿ ಕೂರಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಹಾಲುತುಪ್ಪದ ದಿನವಾದರೂ ಹೋಗಿ ಬರೋಣ, ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಹೋಗುತ್ತೇನೆ ಎಂದು ಮಗನ ಹತ್ತಿರ ಹಟ ಮಾಡಿದೆ. ಅವನು ಒಪ್ಪಲಿಲ್ಲ. ಇಲ್ಲಿಂದ ಕಿರಂಗೂರು ಎಷ್ಟು ದೂರ? ಶ್ರೀರಂಗಪಟ್ಟಣ ದಾಟಿದರೆ ನಿಮ್ಮೂರೇ. ದೂರದೂರಲ್ಲಿದ್ದಿದ್ದರೆ ಮನಸ್ಸಿಗೆ ಒಂದು ಸಮಾಧಾನವಾದರೂ ಇರುತ್ತಿತ್ತು. ಇಷ್ಟು ಹತ್ತಿರವಿದ್ದೂ ಮುಖ ನೋಡಲಾಗಲಿಲ್ಲವಲ್ಲ ಎಂಬ ಸಂಕಟ ಹೋಗುತ್ತಿಲ್ಲ. ಬರುವ ಬುಧವಾರ, 21ರಂದು, ಹನ್ನೊಂದನೇ ದಿನದ ತಿಥಿಗೂ ನಾನು ಬರುವ ಹಾಗಿಲ್ಲ. ರಘು ಸ್ವತಃ ಫೋನ್ ಮಾಡಿ ಕರೆದ. ಅಪ್ಪನನ್ನು ಕಳೆದುಕೊಂಡ ವಾರದಲ್ಲೇ ಅಪ್ಪನ ಪರಿಚಯದವರನ್ನೆಲ್ಲ ನೆನೆದು ಒಬ್ಬೊಬ್ಬರಿಗೂ ಫೋನ್ ಮಾಡುವುದು ಸುಲಭವಲ್ಲ. ಕರೆದಿದ್ದಕ್ಕೆ ಬರಲಾಗದೆ ಇರುವುದನ್ನು ನೀವೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಬಂದಿದ್ದರೆ ನಿಮ್ಮ ಪಕ್ಕ ಕೂತು ಒಂದೆರಡು ಮಾತು ಹೇಳುತ್ತಿದ್ದೆ. ಅದನ್ನು ಇಲ್ಲಿ ಬರೆಯುತ್ತೇನೆ. ಮನೆಯಲ್ಲಿ, ಊರಿನಲ್ಲಿ, ಕಚೇರಿಯಲ್ಲಿ ಅವರು ಹೇಗಿದ್ದರು ಎಂದು ಹೇಳಲು ನೂರು ಜನ ಇದ್ದಾರೆ. ರೈಲಿನಲ್ಲಿ ಅವರು ಹೇಗಿದ್ದರು ಎಂಬುದನ್ನು ನಮ್ಮಂಥ ಪಾಸಿನವರೇ ಹೇಳಬೇಕು.

ನಾನು ಮೈಸೂರಲ್ಲಿ ಹತ್ತುತ್ತಿದ್ದೆ, ಅವರು ಶ್ರೀರಂಗಪಟ್ಟಣದಲ್ಲಿ. ಇಬ್ಬರೂ ಮಂಡ್ಯದಲ್ಲಿ ಇಳಿಯುತ್ತಿದ್ದೆವು. ವರ್ಷಾನುಗಟ್ಟಲೆ ಒಂದೇ ಬೋಗಿ. ಮಳೆಗಾಲ ಶುರುವಾಯಿತೆಂದರೆ ಅವರು ಬಾಗಿಲಲ್ಲಿ ಕಾಣುವುದಕ್ಕೆ ಮೊದಲೇ ಕೇಳುವವರು ಕೇಳುತ್ತಿದ್ದರು, "ಶಿವಣ್ಣಾ, ಕಟ್ಟೆ ಎಷ್ಟಾಯ್ತು?" ಅವರು ನೀರಾವರಿ ಕಚೇರಿಯವರು, ಅವರಿಗೆ ಗೊತ್ತಿರುತ್ತಿತ್ತು. ಕನ್ನಂಬಾಡಿಯ ಮಟ್ಟ, ಒಳಹರಿವು, ನಾಲೆಗೆ ಎಷ್ಟು ಬಿಟ್ಟಿದ್ದಾರೆ, ಈ ಸಲ ಕಟ್ಟು ನೀರು ಎಷ್ಟು ದಿನಕ್ಕೆ, ಎಲ್ಲ ಒಂದೇ ಉಸಿರಿಗೆ ಹೇಳಿ ಕೂರುತ್ತಿದ್ದರು. ಪಾಂಡವಪುರದಲ್ಲಿ ಹತ್ತಿದವರಿಗೆ ಇನ್ನೊಂದು ಸಲ ಹೇಳಬೇಕು. ಯಾವತ್ತೂ ಬೇಸರ ಮಾಡಿಕೊಂಡವರಲ್ಲ. ಮೈಸೂರಲ್ಲೇ ಹುಟ್ಟಿ ಬೆಳೆದು ನಲ್ಲಿ ನೀರು ಮಾತ್ರ ನೋಡಿದ್ದ ನನಗೆ, ನಾಲೆಯ ಕೊನೆಯ ಗದ್ದೆಯವನು ನೀರಿಗಾಗಿ ರಾತ್ರಿಯೆಲ್ಲ ಬದುವಿನ ಮೇಲೆ ಕಾಯುತ್ತಾನೆ ಎಂದು ತಿಳಿದದ್ದು ಅವರಿಂದ.

2016ರ ಸೆಪ್ಟೆಂಬರ್ ನಿಮಗೂ ನೆನಪಿರುತ್ತದೆ. ತಮಿಳುನಾಡಿಗೆ ದಿನಕ್ಕೆ 15,000 ಕ್ಯೂಸೆಕ್ ಬಿಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮಂಡ್ಯ ಹೊತ್ತಿಕೊಂಡಿತ್ತು. ರೈಲು ಓಡಿದ ದಿನ ಬೋಗಿಯಲ್ಲಿ ಒಬ್ಬ ಹುಡುಗ ಅವರ ಮೇಲೆ ಏರಿ ಹೋದ, ನೀರನ್ನು ಇವರೇ ಬಿಟ್ಟರೇನೋ ಎಂಬಂತೆ. ಬಾಯಿಗೆ ಬಂದದ್ದೆಲ್ಲ ಅಂದ. ನಮಗೇ ತಡೆಯಲಾಗಲಿಲ್ಲ, ನಾಗರಾಜು ಎದ್ದು ನಿಂತರು. ಶಿವಣ್ಣನವರು ನಾಗರಾಜುವನ್ನು ಕೂರಿಸಿ, ಆ ಹುಡುಗನನ್ನೂ ಪಕ್ಕಕ್ಕೆ ಕರೆದು ಕೂರಿಸಿಕೊಂಡು, "ನನ್ನ ಬತ್ತನೂ ಒಣಗ್ತಾ ಅದೆ ಕಣಪ್ಪ, ನಿಂದು ಎಷ್ಟು ಎಕರೆ?" ಅಂದರು. ಅಷ್ಟೇ. ಮಂಡ್ಯ ಬರುವ ಹೊತ್ತಿಗೆ ಆ ಹುಡುಗ ತಲೆ ತಗ್ಗಿಸಿ ತನ್ನ ಸಾಲದ ವಿಷಯ ಹೇಳಿಕೊಳ್ಳುತ್ತಿದ್ದ. ಮಕ್ಕಳ ಮುಂದೆ ನಿಂತು ಪಾಠ ಮಾಡಿಯೇ ಬದುಕಿದ ನಾನು ಅಷ್ಟು ತಾಳ್ಮೆಯನ್ನು ಯಾವ ಮೇಷ್ಟರಲ್ಲೂ ನೋಡಿಲ್ಲ.

ಇನ್ನೊಂದು ವಿಷಯ ಅವರು ಮನೆಯಲ್ಲಿ ಹೇಳಿರಲಾರರು. ಆಗಿನ್ನೂ ಒಂದೇ ಹಳಿ ಇತ್ತು, ಎದುರಿನ ಗಾಡಿ ಬರುವವರೆಗೂ ಎಲ್ಲೆಂದರಲ್ಲಿ ನಿಲ್ಲಿಸಿಬಿಡುತ್ತಿದ್ದರು. ಒಂದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ರೈಲು ಯಲಿಯೂರಿನಲ್ಲಿ ನಿಂತಿತು. ನಿಂತೇ ಇತ್ತು. ಬೋಗಿಯಲ್ಲಿ ಪರೀಕ್ಷೆಗೆ ಹೊರಟಿದ್ದ ನಾಲ್ಕೈದು ಹೆಣ್ಣುಮಕ್ಕಳು ಅಳುವುದಕ್ಕೆ ಶುರು ಮಾಡಿದರು. ಶಿವಣ್ಣನವರು ಯಾರಿಗೂ ಏನೂ ಹೇಳದೆ ಇಳಿದು ರಸ್ತೆಯ ಕಡೆ ಓಡಿದರು. ತರಕಾರಿ ಇಳಿಸಿ ಬರುತ್ತಿದ್ದ ಒಂದು ಟೆಂಪೋ ನಿಲ್ಲಿಸಿಕೊಂಡು ಬಂದು, ಮಕ್ಕಳನ್ನೂ ನನ್ನನ್ನೂ ಹತ್ತಿಸಿ, ತಾವು ಹಿಂದೆ ಹಗ್ಗ ಹಿಡಿದು ನಿಂತರು. ಪರೀಕ್ಷಾ ಕೇಂದ್ರದ ಗೇಟು ದಾಟುವವರೆಗೂ ಬಿಡಲಿಲ್ಲ. ಕೊಸರಾಟದಲ್ಲಿ ಒಂದು ಮಗುವಿನ ಪೆನ್ನು ಬಿದ್ದುಹೋಗಿತ್ತು, ತಮ್ಮ ಜೇಬಿನ ಪೆನ್ನು ಕೊಟ್ಟರು. ಅವತ್ತು ಅವರ ಹಾಜರಿಗೆ ಏನಾಯಿತೋ, ಕೇಳಿದರೆ "ಅದು ಬುಡಿ ಮೇಡಂ" ಅಂದರು. ಆ ಮಕ್ಕಳಲ್ಲಿ ಒಬ್ಬಳು ಈಗ ನರ್ಸ್ ಆಗಿದ್ದಾಳೆ. ಅವಳಿಗೆ ಸುದ್ದಿ ತಿಳಿಸಿದೆ. ಫೋನಿನಲ್ಲೇ ಅತ್ತಳು. ಆ ಯಜಮಾನರ ಹೆಸರು ಏನೆಂದೇ ತನಗೆ ಇಷ್ಟು ದಿನ ಗೊತ್ತಿರಲಿಲ್ಲ ಎಂದಳು.

ಸಂಜೆಯ ಗಾಡಿಯ ವಿಷಯ ನಿಮಗೇ ಗೊತ್ತು. ಬೆಂಗಳೂರಿಂದ ಬರುವ ರೈಲಿನಲ್ಲಿ ಮದ್ದೂರು ವಡೆ ಮಾರುವವರು ಬಂದರೆ ಎರಡು ತೆಗೆದುಕೊಂಡು ಪೇಪರಿನಲ್ಲಿ ಸುತ್ತಿಸಿ ಚೀಲದೊಳಗೆ ಇಟ್ಟುಬಿಡುತ್ತಿದ್ದರು. "ನೀವೂ ತಿನ್ನಿ ಶಿವಣ್ಣ" ಅಂದರೆ, "ಇದು ಅವಳಿಗೆ" ಅನ್ನುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ, ಮುಖದಲ್ಲಿ ಮಾತ್ರ ಗೊತ್ತಾಗುತ್ತಿತ್ತು. ನಿಮ್ಮನ್ನು ನಾನು ನೋಡಿದ್ದು ಒಂದೇ ಸಲವಾದರೂ, ನೀವು ನನಗೆ ಅಪರಿಚಿತರು ಅನ್ನಿಸದೆ ಇರುವುದಕ್ಕೆ ಇದೇ ಕಾರಣ.

ನಿವೃತ್ತಿಯಾದ ಮೇಲೆ ಭೇಟಿ ಅಪರೂಪವಾಯಿತು. ಆದರೂ ಕಟ್ಟೆ ತುಂಬಿದ ವರ್ಷ ತಪ್ಪದೆ ಫೋನ್ ಬರುತ್ತಿತ್ತು. ಹೋದ ವರ್ಷ ಮಳೆಯಿಲ್ಲದೆ ತುಂಬಲಿಲ್ಲ, ಫೋನೂ ಬರಲಿಲ್ಲ. ಈ ವರ್ಷ ಜುಲೈನಲ್ಲೇ ಬಂತು. "ಮೇಡಂ, ನೂರಿಪ್ಪತ್ನಾಕು ಪಾಯಿಂಟ್ ಎಂಬತ್ತು!" ನಮಸ್ಕಾರವೂ ಇಲ್ಲ, ಹೇಗಿದ್ದೀರಿ ಅನ್ನುವುದೂ ಇಲ್ಲ, ಮೊದಲು ಅದೇ. ಒಟ್ಟಿಲು ಹಾಕಿದ್ದಾಯ್ತು, ಈ ಸಲ ನಾಟಿ ಚೆನ್ನಾಗಿ ಆಗುತ್ತದೆ, ಮೊಮ್ಮಗು ನಡೆಯುವುದಕ್ಕೆ ಶುರು ಮಾಡಿದೆ ಎಂದೆಲ್ಲ ಹೇಳಿದರು. ದಸರಾಕ್ಕೆ ನಿಮ್ಮನ್ನೂ ಮಗುವನ್ನೂ ಕರೆದುಕೊಂಡು ನಮ್ಮ ಮನೆಗೆ ಬರುತ್ತೇನೆ ಎಂದಿದ್ದರು. ಸಂತೋಷವಾಗಿದ್ದರು, ಜಯಮ್ಮನವರೇ. ಅದನ್ನು ನಿಮಗೆ ತಿಳಿಸಬೇಕೆಂದೇ ಬರೆಯುತ್ತಿದ್ದೇನೆ. ನಾನು ಕೇಳಿದ ಅವರ ಕೊನೆಯ ದನಿಯಲ್ಲಿ ಯಾವ ಕೊರಗೂ ಇರಲಿಲ್ಲ.

ಈ ಪತ್ರವನ್ನು ನಾಗರಾಜು ಕೈಗೇ ಕೊಟ್ಟು ಕಳಿಸುತ್ತಿದ್ದೇನೆ. ಬುಧವಾರ ನಮ್ಮ ಬಳಗದವರು ಏಳೆಂಟು ಜನ ಒಟ್ಟಿಗೆ ಬರುತ್ತಾರೆ. ನನ್ನ ಹೆಸರಿನಲ್ಲಿ ಫೋಟೋಗೆ ಒಂದು ಸೇವಂತಿಗೆ ಹಾರ ಹಾಕಲು ಅವರಿಗೆ ಹೇಳಿದ್ದೇನೆ. ಬರುವಾಗ ಮದ್ದೂರು ವಡೆಯನ್ನೂ ತರುತ್ತಾರೆ. ನಿಮ್ಮ ಪದ್ಧತಿಗೆ ಅಡ್ಡಿಯಿಲ್ಲದಿದ್ದರೆ ಎಡೆಯಲ್ಲಿ ಎರಡು ಇಡಿಸಿ. ಬೇಡವೆನ್ನಿಸಿದರೆ ಖಂಡಿತ ಬೇಡ, ಮನೆಗೆ ಬಂದ ಮಕ್ಕಳಿಗೆ ಕೊಡಿ.

ಇನ್ನೊಂದು ಮಾತು ರಘುವಿಗೆ. ಈ ಹೊತ್ತಿನಲ್ಲಿ ಇಂಥದ್ದನ್ನು ಬರೆಯಬಾರದೇನೋ, ಆದರೆ ನನ್ನ ಯಜಮಾನರು ಹೋದಾಗ ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ ಕಾರಣ ಬರೆಯುತ್ತಿದ್ದೇನೆ. ಮರಣ ನೋಂದಣಿಯನ್ನು 21 ದಿನದೊಳಗೆ ಮಾಡಿಸಿಬಿಡಪ್ಪ, ಅಂದರೆ ಈ ತಿಂಗಳೊಳಗೇ ಆಗಬೇಕು. ತಡವಾದರೆ ಸುಮ್ಮನೆ ಓಡಾಟ. ಪ್ರಮಾಣಪತ್ರದ ಪ್ರತಿಗಳನ್ನು ಐದಾರು ತೆಗೆಸಿಟ್ಟುಕೋ, ಬ್ಯಾಂಕು, ಖಾತೆ ಬದಲಾವಣೆ, ಪಿಂಚಣಿ ಎಲ್ಲದಕ್ಕೂ ಕೇಳುತ್ತಾರೆ. ಅಮ್ಮನ ಹೆಸರಿಗೆ ಕುಟುಂಬ ಪಿಂಚಣಿ ಆಗಬೇಕಾದರೆ ಅಪ್ಪನ ಪಿಂಚಣಿ ಆದೇಶದ ಕಾಗದ ಬೇಕು. ಅವರು ಎಲ್ಲವನ್ನೂ ಜೋಡಿಸಿಡುವವರು, ಫೈಲಿನಲ್ಲೇ ಇರುತ್ತದೆ, ಹುಡುಕು. ನನ್ನ ಮೈದುನ ಖಜಾನೆಯಲ್ಲಿದ್ದು ನಿವೃತ್ತನಾದವನು, ಮೈಸೂರಲ್ಲೇ ಇದ್ದಾನೆ. ಅರ್ಜಿ ತುಂಬುವುದರಿಂದ ಹಿಡಿದು ಎಲ್ಲಕ್ಕೂ ಜೊತೆಗಿರುತ್ತೇನೆ ಎಂದು ಒಪ್ಪಿದ್ದಾನೆ. ಅವನ ನಂಬರನ್ನು ನಾಗರಾಜು ಕೊಡುತ್ತಾರೆ. ಸಂಕೋಚ ಬೇಡ. ಅಮ್ಮನನ್ನು ಕಚೇರಿ ಕಚೇರಿಗೆ ಅಲೆಸಬೇಡ, ಸಹಿ ಬೇಕಾದ ಕಡೆ ಮಾತ್ರ ಕರೆದುಕೊಂಡು ಹೋಗು.

ಸುಮಾ, ನಿನಗೆ ಬೇರೆ ಬರೆಯುತ್ತೇನೆ. ಹಸುಗೂಸು ಕೈಯಲ್ಲಿದೆ, ಸರಿಯಾಗಿ ಊಟ ಮಾಡು. ಅಮ್ಮನಿಗೂ ಬಲವಂತ ಮಾಡಿ ಒಂದು ತುತ್ತು ತಿನ್ನಿಸು.

ಜಯಮ್ಮನವರೇ, ತಿಥಿ ಮುಗಿದು ನೆಂಟರೆಲ್ಲ ಅವರವರ ಊರಿಗೆ ಹೋದ ಮೇಲೆ ಮನೆ ದೊಡ್ಡದಾಗಿಬಿಡುತ್ತದೆ. ಆಗ ಯಾವ ಹೊತ್ತಿನಲ್ಲಾದರೂ ಸರಿ, ಮಾತಾಡಬೇಕು ಅನ್ನಿಸಿದರೆ ನನಗೆ ಫೋನ್ ಮಾಡಿ. ಮಧ್ಯಾಹ್ನದ ಹೊತ್ತು ನಾನೂ ಒಬ್ಬಳೇ ಇರುತ್ತೇನೆ. ಡಾಕ್ಟರು ಕಾರು ಹತ್ತಲು ಬಿಟ್ಟ ತಕ್ಷಣ ಮಗನನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತೇನೆ. ತೋಟಕ್ಕೆ ಹೋಗಿ ಅವರಿಗೆ ಕೈಮುಗಿಯಬೇಕು. ಬರುವ ಹಿಂದಿನ ದಿನ ರಘುವಿಗೆ ತಿಳಿಸುತ್ತೇನೆ. ನನಗಾಗಿ ಅಡುಗೆಗಿಡುಗೆ ಅಂತ ಏನೂ ಮಾಡಬೇಡಿ, ನಿಮ್ಮ ಜೊತೆ ಕೂತು ಬಂದರೆ ಸಾಕು.

ನಿಮ್ಮ ದುಃಖದಲ್ಲಿ ಭಾಗಿಯಾದ,
ಲಲಿತಾ