ವಿಷಯ: ನಿಮ್ಮ ಒಂದನೇ ಗೋದಾಮಿನಲ್ಲಿ ಎಂಟು ವಾರಗಳ ಪ್ರಾಯೋಗಿಕ ಯೋಜನೆ ನಡೆಸುವ ಪ್ರಸ್ತಾವ

ದಿನಾಂಕ: 16 ಮಾರ್ಚ್ 2026

ಗೆ,
ಕಾರ್ಯಾಚರಣೆ ವಿಭಾಗದ ಮುಖ್ಯಸ್ಥರು,

ಮಾನ್ಯರೇ,

ಕಳೆದ ವಾರ ನಿಮ್ಮ ಒಂದನೇ ಗೋದಾಮಿಗೆ ಬಂದಿದ್ದಾಗ ನಮ್ಮೊಂದಿಗೆ ಅರ್ಧ ದಿನ ಕಳೆದು, ಕೇಳಿದ ಪ್ರತಿಯೊಂದು ಪ್ರಶ್ನೆಗೂ ಸಮಾಧಾನದಿಂದ ಉತ್ತರಿಸಿದ ತಮಗೂ ತಮ್ಮ ಸಿಬ್ಬಂದಿಗೂ ಕೃತಜ್ಞತೆಗಳು. ನಮ್ಮ ದಾಸ್ತಾನು ನಿರ್ವಹಣಾ ತಂತ್ರಾಂಶವನ್ನು ಮೂರೂ ಗೋದಾಮುಗಳಿಗೆ ಒಮ್ಮೆಲೇ ಅಳವಡಿಸುವ ಅಂದಾಜುಪಟ್ಟಿಯನ್ನು ತಾವು ಕೇಳಿದ್ದಿರಿ, ನಾವು ಅದನ್ನು ಕಳುಹಿಸಿಯೂ ಇದ್ದೇವೆ. ಆದರೆ ಸ್ಥಳವನ್ನು ಕಣ್ಣಾರೆ ಕಂಡ ಮೇಲೆ, ಅಷ್ಟು ದೊಡ್ಡ ನಿರ್ಧಾರವನ್ನು ನಮ್ಮ ಮಾತನ್ನಷ್ಟೇ ನಂಬಿ ತಾವು ಕೈಗೊಳ್ಳಬೇಕಾಗಿಲ್ಲ ಎಂದು ನಮಗೆ ಅನಿಸಿದೆ. ಆದ್ದರಿಂದ ಮೊದಲು ಒಂದೇ ಗೋದಾಮಿನಲ್ಲಿ, ಆರಂಭವೂ ಕೊನೆಯೂ ನಿಗದಿಯಾಗಿರುವ ಎಂಟು ವಾರಗಳ ಪ್ರಾಯೋಗಿಕ ಯೋಜನೆಯನ್ನು ಈ ಪತ್ರದ ಮೂಲಕ ಪ್ರಸ್ತಾಪಿಸುತ್ತಿದ್ದೇವೆ.

ಅಂದು ನಮ್ಮ ಮನಸ್ಸಿನಲ್ಲಿ ಉಳಿದದ್ದು ಬೇರಿಂಗ್‌ಗಳ ರ್‍ಯಾಕ್. ಒಂದೇ ಅಳತೆಯ ಬೇರಿಂಗ್‌ನ ಪೆಟ್ಟಿಗೆಗಳು ಎರಡು ಬೇರೆ ಬೇರೆ ಸಾಲುಗಳಲ್ಲಿದ್ದವು; ಹಳೆಯ ಸರಬರಾಜುದಾರರ ಕೋಡ್ ಒಂದರ ಮೇಲೆ, ಹೊಸಬರ ಕೋಡ್ ಇನ್ನೊಂದರ ಮೇಲೆ. ಎಷ್ಟು ತೆಗೆದರು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಸ್ಟೋರ್‌ಕೀಪರ್ ಪೆಟ್ಟಿಗೆಯ ರಟ್ಟಿನ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. ಆ ಲೆಕ್ಕ ಸರಿಯಾಗಿಯೇ ಇತ್ತು, ಕಂಪ್ಯೂಟರಿನದು ತಪ್ಪಾಗಿತ್ತು. ನಾವು ಜೊತೆಯಾಗಿ ಎಣಿಸಿ ನೋಡಿದ 40 ವಸ್ತುಗಳಲ್ಲಿ 31ರ ಲೆಕ್ಕ ಮಾತ್ರ ದಾಖಲೆಗೆ ಹೊಂದಿತು. ಇದು ಸಿಬ್ಬಂದಿಯ ಅಸಡ್ಡೆಯಿಂದ ಆದದ್ದಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ವಸ್ತು ಕೈಬದಲಾಗುವುದು ಬೆಳಿಗ್ಗೆ, ಅದು ದಾಖಲೆಗೆ ಏರುವುದು ಸಂಜೆ. ಈ ನಡುವಿನ ಅವಧಿಯಲ್ಲಿಯೇ ಲೆಕ್ಕ ತಪ್ಪುತ್ತಿದೆ.

ಯೋಜನೆ ಏಪ್ರಿಲ್ 6ರಂದು ಆರಂಭವಾಗಿ ಮೇ 30ರಂದು ಮುಗಿಯುತ್ತದೆ. ಮೊದಲ ಎರಡು ವಾರ ನಿಮ್ಮ ಕೆಲಸದ ರೀತಿಯಲ್ಲಿ ಯಾವ ಬದಲಾವಣೆಯನ್ನೂ ಮಾಡದೆ ಈಗಿನ ಸ್ಥಿತಿಯನ್ನು ಅಳೆಯುತ್ತೇವೆ, ಜೊತೆಗೆ ರ್‍ಯಾಕ್‌ಗಳಿಗೂ ಬಿನ್‌ಗಳಿಗೂ ಬಾರ್‌ಕೋಡ್ ಚೀಟಿಗಳನ್ನು ಸಿದ್ಧಪಡಿಸಿಕೊಳ್ಳುತ್ತೇವೆ. ಏಪ್ರಿಲ್ 20ರಿಂದ ಸರಕು ಒಳಬರುವಾಗ, ರ್‍ಯಾಕ್‌ಗೆ ಸೇರುವಾಗ, ಆರ್ಡರ್‌ಗೆ ಹೊರಹೋಗುವಾಗ ಹೀಗೆ ಮೂರು ಹಂತಗಳಲ್ಲಿ ಸ್ಕ್ಯಾನ್ ಮಾಡುವ ಕ್ರಮ ಜಾರಿಗೆ ಬರುತ್ತದೆ. ಗ್ರಾಹಕರಿಂದ ಹಿಂದಿರುಗುವ ಸರಕನ್ನೂ ಗೋದಾಮುಗಳ ನಡುವಿನ ಸಾಗಣೆಯನ್ನೂ ಈ ಅವಧಿಯಲ್ಲಿ ಕೈಗೆತ್ತಿಕೊಳ್ಳುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಂಡರೆ ಯಾವ ಬದಲಾವಣೆಯಿಂದ ಯಾವ ಫಲ ಬಂತೆಂದು ಹೇಳಲಾಗದು.

ಯಶಸ್ಸನ್ನು ಅಳೆಯುವ ಬಗೆಯನ್ನು ಕೆಲಸ ಆರಂಭವಾಗುವ ಮೊದಲೇ ಇಬ್ಬರೂ ಬರಹದಲ್ಲಿ ಒಪ್ಪಿಕೊಳ್ಳಬೇಕೆಂಬುದು ನಮ್ಮ ಮುಖ್ಯ ಕೋರಿಕೆ. ಮೂರು ಅಳತೆಗಳನ್ನು ಸೂಚಿಸುತ್ತಿದ್ದೇವೆ.

ಮೊದಲನೆಯದು ದಾಸ್ತಾನಿನ ನಿಖರತೆ. ಗೋದಾಮಿನಲ್ಲಿರುವ ಸುಮಾರು 4,200 ವಸ್ತುಗಳಲ್ಲಿ 300ನ್ನು ಚೀಟಿ ಎತ್ತಿದಂತೆ ಆಯ್ದು, ಎಣಿಕೆಯೂ ದಾಖಲೆಯೂ ಒಂದೂ ವ್ಯತ್ಯಾಸವಿಲ್ಲದೆ ಹೊಂದುವ ವಸ್ತುಗಳು ನೂರಕ್ಕೆ ಎಷ್ಟು ಎಂದು ನೋಡುತ್ತೇವೆ. ಅಂದು ಎಣಿಸಿದ 40 ವಸ್ತುಗಳು ಸಮಸ್ಯೆಯ ಸುಳಿವು ಕೊಡಲು ಸಾಕು, ತೀರ್ಮಾನಕ್ಕೆ ಸಾಲವು. 300 ವಸ್ತುಗಳ ಮಾದರಿಯಲ್ಲಿಯೂ ಫಲಿತಾಂಶ ಶೇ. 80ರ ಆಸುಪಾಸಿನಲ್ಲಿದ್ದರೆ ನಾಲ್ಕೂವರೆ ಅಂಶದಷ್ಟು ಹೆಚ್ಚುಕಡಿಮೆ ಇರುವುದು ಸಹಜ; ಆದ್ದರಿಂದ ಎರಡು ಮೂರು ಅಂಶಗಳ ಏರಿಕೆಯನ್ನು ನಾವು ಯಶಸ್ಸೆಂದು ಕರೆಯುವುದಿಲ್ಲ. ಕೊನೆಯ ಎಣಿಕೆಯಲ್ಲಿ ಶೇ. 95 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಗುರಿ ಮುಟ್ಟಿದಂತೆ. ಮೊದಲ ಎಣಿಕೆಯನ್ನೂ ಕೊನೆಯ ಎಣಿಕೆಯನ್ನೂ ನಿಮ್ಮ ಲೆಕ್ಕಪತ್ರ ವಿಭಾಗದ ಅದೇ ಇಬ್ಬರು ನಡೆಸಬೇಕು, ದಾಖಲೆಯಲ್ಲಿರುವ ಸಂಖ್ಯೆ ಎಣಿಸುವವರಿಗೆ ಕಾಣಬಾರದು. ಸಂಖ್ಯೆ ಮುಂದಿದ್ದರೆ ಕೈ ತಾನಾಗಿಯೇ ಅದಕ್ಕೆ ಹೊಂದುವಂತೆ ಎಣಿಸುತ್ತದೆ.

ಎರಡನೆಯದು ಆರ್ಡರ್‌ಗಳಲ್ಲಿನ ತಪ್ಪು. ತಪ್ಪು ವಸ್ತು ಅಥವಾ ತಪ್ಪು ಸಂಖ್ಯೆಯ ಬಗ್ಗೆ ನಿಮ್ಮ ದೂರು ಪುಸ್ತಕದಲ್ಲಿ ದಾಖಲಾಗುವ ಪ್ರಕರಣಗಳನ್ನು, ಕಳುಹಿಸಿದ ಪ್ರತಿ ಸಾವಿರ ಆರ್ಡರ್ ಸಾಲುಗಳಿಗೆ ಇಷ್ಟು ಎಂಬ ಲೆಕ್ಕದಲ್ಲಿ, ಮೊದಲ ಎರಡು ವಾರ ಮತ್ತು ಕೊನೆಯ ಎರಡು ವಾರಗಳಿಗೆ ಹೋಲಿಸುತ್ತೇವೆ. ಇದು ಅರ್ಧಕ್ಕೆ ಇಳಿಯಬೇಕು. ಮೂರನೆಯದು ಬಂದ ಸರಕು ರ್‍ಯಾಕ್‌ಗೆ ಸೇರಲು ಹಿಡಿಯುವ ಸಮಯ. ಇದು ಈಗಿನದಕ್ಕಿಂತ ಹೆಚ್ಚಾಗಬಾರದು, ಅಷ್ಟೇ. ಸ್ಕ್ಯಾನ್ ಮಾಡುವುದರಿಂದ ಮೊದಲ ದಿನಗಳಲ್ಲಿ ಕೆಲಸ ನಿಧಾನವಾಗುವುದು ಖಂಡಿತ, ಆದ್ದರಿಂದ ಇಲ್ಲಿ ಉಳಿತಾಯದ ಭರವಸೆಯನ್ನು ನಾವು ಕೊಡುತ್ತಿಲ್ಲ.

ಮೂರೂ ಈಡೇರಿದರೆ ಯೋಜನೆ ಯಶಸ್ವಿ. ನಿಖರತೆಯ ಗುರಿ ತಪ್ಪಿದರೆ, ಉಳಿದೆರಡು ಎಷ್ಟೇ ಚೆನ್ನಾಗಿ ಬಂದಿದ್ದರೂ, ವಿಸ್ತರಣೆಯನ್ನು ನಾವೇ ಶಿಫಾರಸು ಮಾಡುವುದಿಲ್ಲ. ಮೇ 9ರಂದು ನಡೆಯುವ ನಡುವಿನ ಪರಿಶೀಲನೆಯ ಹೊತ್ತಿಗೆ ಸಿಬ್ಬಂದಿ ದಿನದ ವಹಿವಾಟಿನ ಕಾಲು ಭಾಗಕ್ಕಿಂತ ಹೆಚ್ಚನ್ನು ಸ್ಕ್ಯಾನ್ ಮಾಡದೆಯೇ ಸಾಗಿಸುತ್ತಿದ್ದರೆ, ಯಾರನ್ನೂ ದೂರದೆ ಅಲ್ಲಿಗೇ ನಿಲ್ಲಿಸುವ ಹಕ್ಕು ಇಬ್ಬರಿಗೂ ಇರಲಿ.

ಆರು ಸ್ಕ್ಯಾನರ್‌ಗಳು, ಚೀಟಿ ಮುದ್ರಿಸುವ ಯಂತ್ರ, ಮೊದಲ ಹತ್ತು ಕೆಲಸದ ದಿನ ಗೋದಾಮಿನಲ್ಲೇ ಇರುವ ನಮ್ಮ ತರಬೇತುದಾರರೊಬ್ಬರು ಇವೆಲ್ಲ ನಮ್ಮ ಹೊಣೆ. ನಿಮ್ಮಿಂದ ಬೇಕಾದದ್ದು ವಸ್ತುಗಳ ಪಟ್ಟಿ, ಎಣಿಕೆಗೆ ಇಬ್ಬರು, ಮತ್ತು ದಿನಕ್ಕೆ ಒಂದು ಗಂಟೆ ಬಿಡುವು ಸಿಗುವಂತೆ ಸ್ಟೋರ್‌ಕೀಪರ್. ಈ ಕೊನೆಯದನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಯಾವ ಕೋಡ್ ಯಾವುದರ ಜೋಡಿ ಎಂಬುದು ಸದ್ಯಕ್ಕೆ ಅವರ ನೆನಪಿನಲ್ಲಿದೆ, ಇನ್ನೆಲ್ಲೂ ಇಲ್ಲ.

ಪ್ರಾಯೋಗಿಕ ಅವಧಿಗೆ, ಅಂದಾಜುಪಟ್ಟಿಯಲ್ಲಿ ಒಂದು ಗೋದಾಮಿಗೆ ನಮೂದಿಸಿರುವ ಒಂದು ತಿಂಗಳ ಶುಲ್ಕವನ್ನಷ್ಟೇ ಪಡೆಯುತ್ತೇವೆ. ಮುಂದುವರಿಸಿದರೆ ಅದನ್ನು ಮೊದಲ ವರ್ಷದ ಬಿಲ್ಲಿನಲ್ಲಿ ವಜಾ ಮಾಡುತ್ತೇವೆ. ಪೂರ್ತಿ ಉಚಿತವಾಗಿ ಕೊಡಬಹುದಿತ್ತು, ಆದರೆ ಉಚಿತವಾದ ಕೆಲಸವನ್ನು ಎರಡೂ ಕಡೆಯವರು ಬಿಡುವಾದಾಗ ನೋಡೋಣ ಎಂದು ಪಕ್ಕಕ್ಕಿಡುವುದುಂಟು. ನಿಮ್ಮ ಮಾಹಿತಿ ನಿಮ್ಮದೇ ಸ್ವತ್ತು: ಮುಂದುವರಿಯದಿದ್ದರೆ ಅದನ್ನು ಸ್ಪ್ರೆಡ್‌ಶೀಟ್ ರೂಪದಲ್ಲಿ ಹಿಂದಿರುಗಿಸಿ, 15 ದಿನಗಳೊಳಗೆ ನಮ್ಮಲ್ಲಿರುವ ಪ್ರತಿಯನ್ನು ಅಳಿಸಿ, ಹಾಗೆ ಅಳಿಸಿದ್ದಕ್ಕೆ ಲಿಖಿತ ದೃಢೀಕರಣ ಕೊಡುತ್ತೇವೆ.

ಜೂನ್ 5ರಂದು ಮೂರು ಅಳತೆಗಳ ಅಂಕಿಅಂಶಗಳನ್ನು, ಗುರಿ ಮುಟ್ಟದವನ್ನೂ ಸೇರಿಸಿ, ತಮ್ಮ ಮುಂದಿಡುತ್ತೇವೆ. ಜೂನ್ 12ರೊಳಗೆ ತಾವು ಎರಡನೇ ಗೋದಾಮಿಗೆ ವಿಸ್ತರಿಸುವುದೋ, ನಿಲ್ಲಿಸುವುದೋ ತಿಳಿಸಬೇಕು. ಉತ್ತರ ಬಾರದಿದ್ದರೆ ಯೋಜನೆ ಮುಗಿದಂತೆ. ತಾನಾಗಿಯೇ ಮುಂದುವರಿದು ಬಿಲ್ಲು ಬರುವ ಏರ್ಪಾಡು ಇದರಲ್ಲಿಲ್ಲ.

ಈ ಪ್ರಸ್ತಾವ ತಮಗೆ ಒಪ್ಪಿಗೆಯಾದರೆ ಮಾರ್ಚ್ 25ರೊಳಗೆ ತಿಳಿಸಬೇಕಾಗಿ ವಿನಂತಿ. ಅದರ ಮರುವಾರ ಸ್ಟೋರ್‌ಕೀಪರ್ ಮತ್ತು ಲೆಕ್ಕಪತ್ರ ವಿಭಾಗದವರೊಂದಿಗೆ ಒಂದು ಗಂಟೆ ಕುಳಿತು, ಮೇಲಿನ ಗುರಿಗಳಲ್ಲಿ ಅವರಿಗೆ ಸರಿಕಾಣದ್ದನ್ನು ತಿದ್ದಿ, ಆ ತಿದ್ದಿದ ಪ್ರತಿಗೇ ಇಬ್ಬರೂ ಸಹಿ ಹಾಕೋಣ.

ವಿಶ್ವಾಸಪೂರ್ವಕವಾಗಿ,
ವ್ಯವಸ್ಥಾಪಕರು, ಗ್ರಾಹಕ ಯೋಜನೆಗಳ ವಿಭಾಗ