ಒಂದೇ ಪ್ಲಾನಿಗೆ ಎರಡು ಸಲ ದುಡ್ಡು ಕಟ್ ಆಗಿದೆ, ₹3,540 ವಾಪಸ್ ಹಾಕಿ (3 ಜೂನ್ 2025)

ನಮಸ್ಕಾರ ಸರ್ / ಮೇಡಂ,

ನಾನು ಶಿರಸಿಯಿಂದ ಮಂಜುಳಾ, ಇಲ್ಲಿ ನಮ್ದು ಸ್ಟೇಷನರಿ ಅಂಗಡಿ ಇದೆ, ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಮೂರು ವರ್ಷದಿಂದ ಬಳಸ್ತಾ ಇದೀವಿ. ಈ ಸಲ ರಿನ್ಯೂವಲ್‌ಗೆ ನಮ್ಮ ಅಕೌಂಟಿಂದ ₹3,540 ಎರಡು ಸಲ ಹೋಗಿದೆ. ಒಂದು ಸಲದ್ದು ನನಗೆ ವಾಪಸ್ ಬೇಕು.

ಆಗಿದ್ದು ಹೀಗೆ. ಜೂನ್ 3, ಮಂಗಳವಾರ ಬೆಳಗ್ಗೆ 7:05ಕ್ಕೆ ಆಟೋಪೇ ಮೂಲಕ ದುಡ್ಡು ಕಟ್ ಆಯ್ತು, ಹಿಂದಿನ ದಿನವೇ ಅದರ ಮೆಸೇಜೂ ಬಂದಿತ್ತು, ಅದು ಸರಿಯಾಗೇ ಇದೆ. ಆದ್ರೆ 9:50ಕ್ಕೆ ಅಂಗಡೀಲಿ ಕಂಪ್ಯೂಟರ್ ಆನ್ ಮಾಡಿದ್ರೆ ಮೇಲ್ಗಡೆ ಕೆಂಪು ಪಟ್ಟೀಲಿ "Your plan has expired. Renew now" ಅಂತ ಬಂತು, ಒಂದು ಬಿಲ್ಲೂ ಪ್ರಿಂಟ್ ಆಗ್ತಿಲ್ಲ. ಸ್ಕೂಲ್ ಶುರುವಾದ ವಾರ ಅದು, ಕೌಂಟರ್ ಮುಂದೆ ಮಕ್ಕಳ ಪುಸ್ತಕದ ಲಿಸ್ಟ್ ಹಿಡ್ಕೊಂಡು ಏಳೆಂಟು ಜನ ನಿಂತಿದ್ರು, ಲಾಗ್‌ಔಟ್ ಮಾಡಿ ಮತ್ತೆ ಲಾಗಿನ್ ಆದೆ, ಸಿಸ್ಟಮ್ ರೀಸ್ಟಾರ್ಟ್ ಮಾಡಿದೆ, ಆದ್ರೂ ಅದೇ ಪಟ್ಟಿ, ಕೊನೆಗೆ ಬೇರೆ ದಾರಿ ಇಲ್ದೆ ಸ್ಕ್ರೀನ್ ಮೇಲಿದ್ದ ಕ್ಯೂಆರ್ ಸ್ಕ್ಯಾನ್ ಮಾಡಿ ಇನ್ನೊಂದ್ಸಲ ಕಟ್ಟಿದೆ. ಎರಡೇ ನಿಮಿಷಕ್ಕೆ ಬಿಲ್ ಬರೋಕೆ ಶುರುವಾಯ್ತು.

ಎರಡೂ ಟ್ರಾನ್ಸಾಕ್ಷನ್ ವಿವರ ಇಲ್ಲಿದೆ:

ಮೊದಲನೇದು: 03-06-2025, ಬೆಳಗ್ಗೆ 7:05, ₹3,540 (ಪ್ಲಾನ್ 3,000 + ಜಿಎಸ್‌ಟಿ 540), ಯುಪಿಐ ಆಟೋಪೇ, ಯುಟಿಆರ್ 515407231764, ಇನ್‌ವಾಯ್ಸ್ ನಂಬರ್ 25-26/04417

ಎರಡನೇದು: 03-06-2025, ಬೆಳಗ್ಗೆ 10:02, ₹3,540, ಯುಪಿಐ ಕ್ಯೂಆರ್, ಯುಟಿಆರ್ 515410547382, ಇನ್‌ವಾಯ್ಸ್ ನಂಬರ್ 25-26/04463

ನೀವೇ ಕಳಿಸಿರೋ ಎರಡು ಇನ್‌ವಾಯ್ಸನ್ನೂ ಒಂದ್ಸಲ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಅವಧಿ 03-06-2025 ರಿಂದ 02-06-2026 ಅಂತಾನೇ ಇದೆ. ಅಂಗಡಿ ಒಂದೇ, ಲೈಸೆನ್ಸ್ ಒಂದೇ, ವರ್ಷಾನೂ ಅದೇ.

ಜೂನ್ 4ಕ್ಕೇ ನಿಮ್ಮ ಚಾಟಲ್ಲಿ ಹೇಳಿದ್ದೆ. ಅದು ಬ್ಯಾಂಕ್ ಪ್ರಾಬ್ಲಮ್, 5ರಿಂದ 7 ವರ್ಕಿಂಗ್ ಡೇಸಲ್ಲಿ ತಾನಾಗೇ ರಿವರ್ಸ್ ಆಗತ್ತೆ ಅಂದ್ರು. ಇವತ್ತಿಗೆ ಜೂನ್ 16, ಏನೂ ಬಂದಿಲ್ಲ. ಬ್ಯಾಂಕಿಗೇ ಹೋಗಿ ಕೇಳ್ದೆ, ಅವರು ಕಂಪ್ಯೂಟರಲ್ಲಿ ನೋಡಿ ಎರಡೂ ಸಕ್ಸೆಸ್ ಆಗಿದೆ, ದುಡ್ಡು ಕಂಪನಿ ಅಕೌಂಟಿಗೆ ಹೋಗಿಯಾಗಿದೆ ಅಂದ್ರು. ಪೇಮೆಂಟ್ ಫೇಲ್ ಆಗಿದ್ರೆ ಮಾತ್ರ ತಾನಾಗೇ ವಾಪಸ್ ಬರೋದು, ಸಕ್ಸೆಸ್ ಆಗಿರೋದನ್ನ ತಗೊಂಡವರೇ ರಿಫಂಡ್ ಮಾಡ್ಬೇಕು. ಹಾಗಾಗಿ ಮತ್ತೆ ಬ್ಯಾಂಕಿಗೆ ಹೋಗಿ ಅಂತ ದಯವಿಟ್ಟು ಹೇಳ್ಬೇಡಿ, ಒಂದು ಸಲ ಹೋಗ್ಬೇಕಂದ್ರೂ ನಾನು ಅಂಗಡಿ ಬಾಗಿಲು ಹಾಕ್ಬೇಕು.

ಇನ್ನೊಬ್ಬರು ಚಾಟಲ್ಲಿ ಪ್ಲಾನನ್ನ 2027ರ ತನಕ ಎಕ್ಸ್‌ಟೆಂಡ್ ಮಾಡ್ಕೊಡ್ತೀವಿ ಅಂದ್ರು. ಬೇಡ ಮೇಡಂ. ನಾನು ಎರಡು ವರ್ಷಕ್ಕೆ ತಗೊಂಡಿಲ್ಲ, ಜೂನಲ್ಲಿ ಆ ದುಡ್ಡು ನೋಟ್‌ಬುಕ್ ಸ್ಟಾಕಿಗೆ ಇಟ್ಟಿದ್ದು, ನನಗೆ ದುಡ್ಡೇ ಬೇಕು.

ಎರಡನೇ ಪೇಮೆಂಟನ್ನ (ಯುಟಿಆರ್ 515410547382) ಪೂರ್ತಿ ₹3,540, ಹೋಗಿರೋ ಅಕೌಂಟಿಗೇ ವಾಪಸ್ ಹಾಕಿ. ಮೊದಲನೇದು ಹಾಗೇ ಇರ್ಲಿ. ಇದೊಂದನ್ನ ಹುಷಾರಾಗಿ ನೋಡಿ ಮಾಡಿ, ಯಾಕಂದ್ರೆ ರಿಫಂಡ್ ಮಾಡೋವಾಗ ಪ್ಲಾನೇ ಕ್ಯಾನ್ಸಲ್ ಆಗಿ ಲಾಕ್ ಆದ್ರೆ ಮೂರು ವರ್ಷದ ಬಿಲ್ಲು, ಉದ್ರಿ ಲೆಕ್ಕ ಎಲ್ಲಾ ಅದ್ರಲ್ಲೇ ಇದೆ. ಜೊತೆಗೆ 04463 ಇನ್‌ವಾಯ್ಸಿಗೆ ಕ್ರೆಡಿಟ್ ನೋಟ್ ಕೊಡಿ. ಎರಡೂ ಇನ್‌ವಾಯ್ಸಲ್ಲಿ ನಮ್ಮ ಜಿಎಸ್‌ಟಿ ನಂಬರ್ ಇದೆ, ಜುಲೈ 14ಕ್ಕೆ ಜಿಎಸ್‌ಟಿಆರ್-2ಬಿ ಬಂದಾಗ ಎರಡೂ ತೋರ್ಸತ್ತೆ, ಬರಿ ದುಡ್ಡು ವಾಪಸ್ ಹಾಕಿ ಕ್ರೆಡಿಟ್ ನೋಟ್ ಬಿಟ್ರೆ ಆ 540ರ ಲೆಕ್ಕ ನಮ್ಮ ಆಡಿಟರ್ ಹತ್ರ ಸಿಕ್ಕಾಕೊಳತ್ತೆ. ಈ ತಿಂಗಳೊಳಗೇ ಆಗ್ಲಿ.

ಈ ಮೇಲ್ ಜೊತೆ ಜೂನ್ 3ರ ಬ್ಯಾಂಕ್ ಸ್ಟೇಟ್‌ಮೆಂಟ್ ಪುಟ (ಅಕೌಂಟ್ ನಂಬರ್‌ನ ಕೊನೆ ನಾಲ್ಕು ಅಂಕಿ ಬಿಟ್ಟು ಉಳಿದಿದ್ದು ಮುಚ್ಚಿದೀನಿ), ಎರಡೂ ಪೇಮೆಂಟಿನ ಸ್ಕ್ರೀನ್‌ಶಾಟ್, ಎರಡು ಇನ್‌ವಾಯ್ಸು, ಚಾಟಿನ ಸ್ಕ್ರೀನ್‌ಶಾಟ್, ಮತ್ತೆ ಆ ಕೆಂಪು ಪಟ್ಟಿಯ ಫೋಟೋ ಹಾಕಿದೀನಿ. ಫೋಟೋ ನನ್ನ ಮಗಳು ಆವಾಗ್ಲೇ ತೆಗ್ದಿದ್ದು, ಮೂಲೇಲಿ ಟೈಮ್ 9:52 ಕಾಣತ್ತೆ. ಅಂದ್ರೆ ನೀವು ದುಡ್ಡು ತಗೊಂಡು ಎರಡೂವರೆ ಗಂಟೆ ದಾಟಿದ್ರೂ ಸಾಫ್ಟ್‌ವೇರ್‌ಗೆ ಗೊತ್ತಾಗಿರ್ಲಿಲ್ಲ. ಅದನ್ನ ಟೆಕ್ನಿಕಲ್ ಟೀಮಿಗೂ ತೋರ್ಸಿ, ನನ್ನ ಥರ ಅವತ್ತು ಎರಡೆರಡು ಸಲ ಕಟ್ಟಿದವರು ಇನ್ನೂ ಇರ್ಬಹುದು.

ರಿಫಂಡ್ ಹಾಕಿದ್ಮೇಲೆ ಅದರ ರೆಫರೆನ್ಸ್ ನಂಬರ್ ಇದೇ ಮೇಲಿಗೆ ಕಳಿಸಿ. ಫೋನ್ ಮಾಡೋದಾದ್ರೆ ಮಧ್ಯಾಹ್ನ 2ರಿಂದ 4ರೊಳಗೆ ಮಾಡಿ, ಆಗ ಅಂಗಡೀಲಿ ಜನ ಕಮ್ಮಿ, ಕೂತು ಮಾತಾಡ್ಬಹುದು. ನಂಬರ್ ನಿಮ್ಮಲ್ಲಿ ರಿಜಿಸ್ಟರ್ ಆಗಿರೋದೇ.

ಮಂಜುಳಾ
ಶಿರಸಿ, 16 ಜೂನ್ 2025